ಡಬ್ಬಿ ತಳದಲ್ಲಿ 5 ಇದ್ರೆ ಮೈಕ್ರೋವೇವ್‌ಗೆ ಇಡಬಹುದಾ?

ಹೊರಗಿಂದ ತರಿಸಿದ ಊಟದ ಡಬ್ಬಿ ತೊಳೆದಿಟ್ಟುಕೊಂಡು, ಅದರಲ್ಲೇ ಆಫೀಸ್‌ಗೆ ಪಲ್ಯ, ಸಾಗು ಒಯ್ದು ಮೈಕ್ರೋವೇವ್‌ನಲ್ಲಿ ಬಿಸಿ ಮಾಡೋದು ನಮ್ಮಲ್ಲಿ ಬಹಳ ಜನರ ಅಭ್ಯಾಸ. "ತಳದಲ್ಲಿ 5 ಇದೆ, ಏನೂ ಆಗಲ್ಲ" ಅಂತ ಧೈರ್ಯ. ಇದು ಅರ್ಧ ಮಾತ್ರ ನಿಜ.

ತ್ರಿಕೋನದೊಳಗಿನ ಈ ನಂಬರ್‌ಗಳನ್ನ 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ತಂದಿದ್ದು, ಕಸ ವಿಂಗಡಿಸುವವರಿಗೆ ಅದು ಯಾವ ಪ್ಲಾಸ್ಟಿಕ್ ಅಂತ ಗೊತ್ತಾಗಲಿ ಅಂತ. ಶಾಖ ತಡೆಯುತ್ತಾ, ಎಷ್ಟು ಸಲ ಬಳಸಬಹುದು ಅನ್ನೋದು ಅದರಲ್ಲಿ ಇಲ್ಲ. ನೀರಿನ ಬಾಟಲಿ ಮೇಲೂ 1 ಇರುತ್ತೆ, ಓವನ್‌ಗೆ ಅಂತಲೇ ಮಾಡಿದ ಕೆಲವು ಟ್ರೇಗಳ ಮೇಲೂ 1 ಇರುತ್ತೆ. ಎರಡೂ ಪೆಟ್ ಪ್ಲಾಸ್ಟಿಕ್ಕೇ, ತಯಾರಿಸುವ ರೀತಿ ಬೇರೆ. ಬಾಟಲಿ ಸುಮಾರು 75 ಡಿಗ್ರಿಗೇ ಮೆತ್ತಗಾಗುತ್ತೆ.

ಹಾಗಾದ್ರೆ ನೋಡಬೇಕಾದ್ದು ಏನು? ಅಲೆಅಲೆಯಾದ ಗೆರೆಗಳ ಚಿಹ್ನೆ, ಅಥವಾ "microwave safe" ಅನ್ನೋ ಬರಹ. ಲೋಟ ಮತ್ತು ಫೋರ್ಕ್ ಚಿತ್ರ ಇದ್ರೆ ಆಹಾರ ಇಡೋಕೆ ತಕ್ಕದ್ದು ಅಂತಷ್ಟೇ ಅರ್ಥ, ಬಿಸಿ ಮಾಡಬಹುದು ಅಂತಲ್ಲ.

ಒಂದು ಡಬ್ಬಿ ತಗೊಂಡು ನೋಡೋಣ. ಕಪ್ಪು ತಳ, ಪಾರದರ್ಶಕ ಮುಚ್ಚಳ, ಒಳಗೆ ಪನೀರ್ ಗ್ರೇವಿ. ತಳ ತಿರುಗಿಸಿದ್ರೆ 5, PP, ಅಲೆ ಗೆರೆ. PP ಅಂದ್ರೆ ಪಾಲಿಪ್ರೊಪಿಲೀನ್, ಕರಗೋದು ಸುಮಾರು 160 ಡಿಗ್ರಿಗೆ. ಇದು ಸರಿ. ಮುಚ್ಚಳ ನೋಡಿದ್ರೆ 1, ಅಲೆ ಗೆರೆ ಇಲ್ಲ. ಅಂದ್ರೆ ಒಂದೇ ಡಬ್ಬಿಗೆ ಎರಡು ಉತ್ತರ. ಮುಚ್ಚಳ ತೆಗೆದು, ಮೇಲೆ ಪಿಂಗಾಣಿ ತಟ್ಟೆ ಮುಚ್ಚಿ ಬಿಸಿ ಮಾಡಿ.

ಗ್ರೇವಿಯಲ್ಲಿ ಇನ್ನೊಂದು ತೊಂದರೆ ಇದೆ. ನೀರು 100 ಡಿಗ್ರಿಗೆ ಕುದಿದು ಅಲ್ಲೇ ನಿಲ್ಲುತ್ತೆ, ಎಣ್ಣೆ ನಿಲ್ಲಲ್ಲ. ಮೇಲೆ ತೇಲೋ ಎಣ್ಣೆ ಡಬ್ಬಿಯ ಅಂಚಿಗೆ ತಾಗೋ ಕಡೆ ಶಾಖ ಇನ್ನೂ ಏರುತ್ತೆ. ಪ್ಲಾಸ್ಟಿಕ್‌ನ ಕೆಲವು ರಾಸಾಯನಿಕಗಳು ಬಿಸಿ ಎಣ್ಣೆಗೆ ಸುಲಭವಾಗಿ ಇಳಿಯುತ್ತವೆ ಕೂಡ. ಅಲೆ ಗೆರೆ ಇದ್ರೂ ಏನೂ ಇಳಿಯೋದೇ ಇಲ್ಲ ಅನ್ನೋ ಗ್ಯಾರಂಟಿ ಇಲ್ಲ. ಎಣ್ಣೆ ಪದಾರ್ಥನ ಗಾಜಿನ ಬಟ್ಟಲಿಗೆ ಸುರಿದು ಬಿಸಿ ಮಾಡೋದೇ ಒಳ್ಳೇದು.

ಮರುಬಳಕೆಗೆ ನಂಬರ್ ಬಿಟ್ಟು ಡಬ್ಬಿಯ ಮೈ ನೋಡಿ. ಪಾರ್ಸೆಲ್ ಡಬ್ಬಿ ತೆಳು, ಒಂದೇ ಸಲಕ್ಕೆ ಅಂತ ಮಾಡಿದ್ದು. ಎಣ್ಣೆ ತಾಗುವ ಅಂಚಿನಲ್ಲಿ ಒರಟಾಗಿ ಗುಳಿ ಬಿದ್ದಿದ್ರೆ, ತಳ ಸೊಟ್ಟಗಾಗಿದ್ರೆ, ಮಡಚಿದ ಕಡೆ ಬೆಳ್ಳಗಾಗಿ ಬಿರುಕು ಬಿಟ್ಟಿದ್ರೆ ಅದಕ್ಕೆ ಊಟ ಹಾಕಬೇಡಿ. ಬರೀ ಅರಿಶಿನದ ಕಲೆ ಇದ್ರೆ ಹಾಳಾಗಿದೆ ಅಂತಲ್ಲ. ಗಟ್ಟಿಯಿರೋ ಡಬ್ಬಿಗಳಲ್ಲಿ ಒಣ ಬೇಳೆ, ಸಾಸಿವೆ ತುಂಬಿಡಿ. ಅಲ್ಲಿ ಶಾಖವೂ ಇಲ್ಲ, ಎಣ್ಣೆಯೂ ಇಲ್ಲ.