ಒಂದೂವರೆ ಇಂಚಿನ ನೀರು

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ಒಂದು ಊರು ಎಂದುಕೊಳ್ಳಿ. 2024ರ ಏಪ್ರಿಲ್ ತಿಂಗಳು. ಎಂಬತ್ತು ಮನೆ. ಅದರಲ್ಲೊಂದು ಮನೆಯಲ್ಲಿ ಅತ್ತೆ, ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಕೊಟ್ಟಿಗೆಯಲ್ಲಿ ಹಾಲು ಕೊಡುವ ಸೀಮೆಹಸು ಒಂದು. ಊರಿನ ಬೋರು ಮಾರ್ಚಿನಲ್ಲೇ ಕೈಕೊಟ್ಟಿದೆ. ಈ ಮನೆ ಕತೆಗೆಂದು ಕಟ್ಟಿಕೊಂಡದ್ದು. ಆ ಬೇಸಿಗೆ ಅಂಥ ಮನೆಯನ್ನು ಹುಡುಕಲು ಯಾರೂ ದೂರ ಹೋಗಬೇಕಿರಲಿಲ್ಲ. ಹಿಂದಿನ ವರ್ಷದ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು.

ಬೆಳಗಿನ ಹಾಲು ಡೈರಿಗೆ ಹಾಕಿ ಬಂದ ಸೊಸೆ ಮೊದಲು ಮಾಡುವ ಕೆಲಸ ಬಿಂದಿಗೆಗಳನ್ನು ಸಾಲಿಗೆ ಇಡುವುದು. ಅರಳಿಕಟ್ಟೆಯಿಂದ ಶಾಲೆಯ ಗೇಟಿನವರೆಗೆ ಪ್ಲಾಸ್ಟಿಕ್ ಬಿಂದಿಗೆಗಳು ನಿಂತಿವೆ. ಯಾರ ಬಿಂದಿಗೆ ಯಾವುದು ಎಂದು ಗುರುತಿಸಲು ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹರಿದ ಸೀರೆಯ ಅಂಚು.

“ಟ್ಯಾಂಕರ್ ಎಷ್ಟೊತ್ತಿಗೆ ಬತ್ತದಂತೆ?” ಅತ್ತೆ ಜಗಲಿಯಿಂದಲೇ ಕೇಳುತ್ತಾರೆ.

“ನೀರುಗಂಟಿ ಅಣ್ಣಂಗೆ ಫೋನ್ ಮಾಡಿದ್ದೆ ಅತ್ತೆ. ಇನ್ನೂ ಕರೆಂಟ್ ಕೊಟ್ಟಿಲ್ವಂತೆ.”

ಈ ಉತ್ತರ ಪೇಟೆಯವರಿಗೆ ವಿಚಿತ್ರವಾಗಿ ಕೇಳಿಸಬಹುದು. ಟ್ಯಾಂಕರ್ ಓಡುವುದು ಡೀಸೆಲಿನಲ್ಲಿ, ಅದಕ್ಕೂ ಕರೆಂಟಿಗೂ ಏನು ಸಂಬಂಧ? ಆದರೆ ಇಲ್ಲಿ ಟ್ಯಾಂಕರ್ ಎಂದರೆ ಪಕ್ಕದ ಊರಿನ ಯಾರದ್ದೋ ಹೊಲದ ಬೋರು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆಯಲ್ಲಿ ಬೇರೆ ಎಲ್ಲಿಂದ ತುಂಬಿಸುವುದು? ಪಂಚಾಯಿತಿಯವರು ನೀರಿರುವ ಖಾಸಗಿ ಬೋರನ್ನು ಬಾಡಿಗೆಗೆ ಹಿಡಿಯುತ್ತಾರೆ, ಟ್ರ್ಯಾಕ್ಟರಿಗೆ 5,000 ಲೀಟರಿನ ಟ್ಯಾಂಕರ್ ಕಟ್ಟುತ್ತಾರೆ. ಸಾವಿರದಿನ್ನೂರು ಅಡಿ ಆಳದಿಂದ ನೀರೆತ್ತುವ ಮೋಟರಿಗೆ ತ್ರೀ ಫೇಸ್ ಬೇಕು. ಹೊಲದ ಲೈನಿಗೆ ತ್ರೀ ಫೇಸ್ ಸಿಗುವುದು ದಿನಕ್ಕೆ ಏಳು ಗಂಟೆ, ಅದೂ ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ ಎಂಬಂತೆ ಪಾಳಿಯಲ್ಲಿ. ಹಾಗಾಗಿ ಟ್ಯಾಂಕರಿನ ಸಮಯ ಗೊತ್ತಾಗಬೇಕಾದರೆ ಡ್ರೈವರನ್ನು ಕೇಳಿ ಪ್ರಯೋಜನವಿಲ್ಲ, ಲೈನ್‌ಮ್ಯಾನನ್ನು ಕೇಳಬೇಕು.

ಕರೆಂಟು ಬಂತು ಅನ್ನಿ. ಆಗ ಬರುವ ಪ್ರಶ್ನೆ, ಬೋರಿನಲ್ಲಿ ಎಷ್ಟು ಇಂಚು ನೀರಿದೆ?

ಈ ಇಂಚಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಊರಿನವರ ಅರ್ಧ ಜಗಳ ಹುಟ್ಟುವುದು ಇಲ್ಲಿಯೇ. ಬೋರು ಕೊರೆಸಿದಾಗ ಮೇಲೆ ಬಂದ ನೀರನ್ನು ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡಿನ ಮೂಲಕ ಹರಿಸಿ, ಆ ಸೀಳಿನಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಎಂದು ಅಳೆಯುತ್ತಾರೆ. ಆ ಎತ್ತರವೇ ಇಂಚು. ಸೀಳು ಮೇಲೆ ಹೋದಂತೆ ಅಗಲವಾಗುತ್ತದೆ. ನೀರು ಒಂದಿಷ್ಟು ಏರಿದರೂ ಹರಿಯುವ ಜಾಗವೂ ವೇಗವೂ ಎರಡೂ ಹೆಚ್ಚುತ್ತವೆ. ಆದ್ದರಿಂದ ಎರಡು ಇಂಚು ಒಂದು ಇಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಹೆಚ್ಚು. ಒಂದು ಇಂಚಿನ ಬೋರು ಗಂಟೆಗೆ ಸುಮಾರು 500 ಲೀಟರ್ ಕೊಟ್ಟರೆ ಎರಡು ಇಂಚಿನದು 2,900 ಲೀಟರ್ ಹತ್ತಿರ ಕೊಡುತ್ತದೆ.

ನಮ್ಮ ಕತೆಯ ಬೋರು ಫೆಬ್ರವರಿಯಲ್ಲಿ ಎರಡು ಇಂಚಿತ್ತು. ಏಳು ಗಂಟೆ ಕರೆಂಟಿಗೆ 20,000 ಲೀಟರ್, ಅಂದರೆ ನಾಲ್ಕು ಟ್ಯಾಂಕರ್. ಬೋರಿನ ಪಕ್ಕ ಸಿಮೆಂಟಿನ ತೊಟ್ಟಿ ಇರುವುದರಿಂದ ಗಾಡಿ ರಸ್ತೆಯಲ್ಲಿದ್ದಾಗಲೂ ಮೋಟರು ನಿಲ್ಲಿಸಬೇಕಿಲ್ಲ. ಎರಡು ಊರಿಗೆ ಎರಡೆರಡು ಲೋಡು ಸಲೀಸಾಗಿ ಸಿಗುತ್ತಿತ್ತು. ಏಪ್ರಿಲ್ ಹೊತ್ತಿಗೆ ಅದೇ ಬೋರು ಒಂದೂವರೆ ಇಂಚಿಗೆ ಇಳಿದಿದೆ. ಅರ್ಧ ಇಂಚು ತಾನೇ ಕಡಿಮೆಯಾದದ್ದು ಎನ್ನುತ್ತಾರೆ ಜನ. ಆದರೆ ಗಂಟೆಗೆ ಬರುವುದು ಈಗ 1,400 ಲೀಟರ್ ಮಾತ್ರ. ಏಳು ಗಂಟೆಗೆ ಹತ್ತು ಸಾವಿರ ಮುಟ್ಟುವುದೂ ಕಷ್ಟ. ಊರಿಗೊಂದು ಲೋಡು. “ಮೊದಲು ಎರಡು ಬತ್ತಿತ್ತು, ಈಗ ಒಂದು. ಇನ್ನೊಂದನ್ನ ಯಾರಿಗೆ ಮಾರಿಕೊಂಡ್ರು?” ಎಂದು ಸಾಲಿನಲ್ಲಿ ಕೂಗು ಏಳುತ್ತದೆ. ಲೋಡು ಮಾರಿಕೊಳ್ಳುವವರು ಇಲ್ಲವೆಂದಲ್ಲ. ಆದರೆ ಈ ಊರಿನ ಎರಡನೇ ಲೋಡು ಆ ಅರ್ಧ ಇಂಚಿನಲ್ಲೇ ಹೋಗಿದೆ. ನೀರುಗಂಟಿಗೆ ಅದು ಗೊತ್ತು. ಬೈಗುಳದ ನಡುವೆ ವಿ ಸೀಳಿನ ಗಣಿತ ಹೇಳಲು ಹೋಗುವಷ್ಟು ಧೈರ್ಯ ಅವನಿಗಿಲ್ಲ.

ಬೋರಿನ ಯಜಮಾನನ ಕಷ್ಟವನ್ನೂ ಹೇಳಿಬಿಡಬೇಕು. ಅದೇ ನೀರಿಗೆ ಅವನ ಟೊಮೆಟೊ ತೋಟ ಕಾದಿದೆ. ಬಾಡಿಗೆ ಬಿಲ್ಲು ಪಾಸಾಗಿ ಕೈಗೆ ಬರುವುದು ಯಾವಾಗಲೋ, ಗಿಡ ಬಾಡುವುದು ಮಾತ್ರ ಇವತ್ತೇ.

ಹನ್ನೊಂದೂವರೆಗೆ ಟ್ರ್ಯಾಕ್ಟರಿನ ಸದ್ದು ಕೇಳಿಸುತ್ತದೆ. 5,000 ಲೀಟರನ್ನು ಎಂಬತ್ತು ಮನೆಗೆ ಹಂಚಿದರೆ ಮನೆಗೆ 62 ಲೀಟರ್. ಬಿಂದಿಗೆಗೆ 15 ಲೀಟರ್ ಎಂದರೆ ನಾಲ್ಕು ಬಿಂದಿಗೆ. ನೀರುಗಂಟಿ ಕೈಯಲ್ಲಿ ಪೈಪು ಹಿಡಿದು ಒಬ್ಬೊಬ್ಬರಿಗೆ ನಾಲ್ಕು ಎಂದು ಎಣಿಸುತ್ತಾನೆ. ಪೈಪು ಒಂದು ಬಿಂದಿಗೆಯಿಂದ ಇನ್ನೊಂದಕ್ಕೆ ದಾಟುವಾಗ ನೆಲಕ್ಕೆ ಸುರಿಯುವ ನೀರು ಲೆಕ್ಕಕ್ಕೆ ಬರುವುದಿಲ್ಲ. ಕೊನೆಯ ನಾಲ್ಕೈದು ಮನೆಯವರ ಪಾಲು ಅಲ್ಲೇ ಹೋಗಿರುತ್ತದೆ. ಅದಕ್ಕೇ ಬೆಳಗ್ಗೆ ಆರಕ್ಕೇ ಬಿಂದಿಗೆ ಇಡುವುದು.

ಸೊಸೆಗೆ ನಾಲ್ಕು ಬಿಂದಿಗೆ ಸಿಕ್ಕಿತು. ಸರ್ಕಾರದ ಜಲಜೀವನ್ ಯೋಜನೆಯ ಪ್ರಕಾರ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಸಿಗಬೇಕು. ಐದು ಜನಕ್ಕೆ 275. ಸಿಕ್ಕಿದ್ದು 60. ಆದರೆ ಅವಳ ತಲೆಯಲ್ಲಿರುವುದು ಈ 275 ಅಲ್ಲ, ಹಸು. ಬೇಸಿಗೆಯಲ್ಲಿ ಹಾಲು ಕರೆಯುವ ಸೀಮೆಹಸು ದಿನಕ್ಕೆ 60ರಿಂದ 80 ಲೀಟರ್ ಕುಡಿಯುತ್ತದೆ. ಟ್ಯಾಂಕರಿನಿಂದ ಬಂದದ್ದೆಲ್ಲ ಹಸುವಿನ ಒಂದು ದಿನದ ಬಾಯಾರಿಕೆಗೆ ಸರಿ.

ಹಸುವಿಗೆ ನೀರು ಕಡಿಮೆ ಮಾಡಿದರೆ ಅದು ಮರುದಿನವೇ ಡೈರಿಯ ಕಾರ್ಡಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಬಾಯಾರಿದ ಹಸು ಮೇವನ್ನೂ ಬಿಡುತ್ತದೆ. ಹೊತ್ತಿಗೆ ಆರು ಲೀಟರ್ ಕರೆಯುತ್ತಿದ್ದದ್ದು ಐದಾಗುತ್ತದೆ, ನಾಲ್ಕಾಗುತ್ತದೆ. ಮಾವಿನ ಫಸಲು ಕೈಗೆ ಬರುವವರೆಗೆ ಈ ಮನೆಗೆ ಕಾಸು ಬರುವುದು ಹಾಲಿನಿಂದಲೇ. ಟ್ಯಾಂಕರ್ ನೀರನ್ನು ತಲೆ ಎಣಿಸಿ ಹಂಚುವಾಗ ಕೊಟ್ಟಿಗೆಯ ತಲೆಯನ್ನು ಎಣಿಸುವುದಿಲ್ಲ. ಹಳೆಯ ಕೇಂದ್ರ ನಿಯಮದಲ್ಲಿ ಮರುಭೂಮಿ ಅಭಿವೃದ್ಧಿ ಯೋಜನೆಯ ಪ್ರದೇಶಗಳಿಗೆ ಮನುಷ್ಯರ 40 ಲೀಟರಿನ ಜೊತೆಗೆ ದನಗಳಿಗೆಂದು 30 ಲೀಟರ್ ಸೇರಿಸಿದ್ದರು. ಹಾಲನ್ನೇ ನಂಬಿದ ಜಿಲ್ಲೆಗಳ ಬರದ ಲೆಕ್ಕದಲ್ಲಿ ಹಸುವಿಗೂ ಒಂದು ಕಾಲಂ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಇಲ್ಲದ ಕಾರಣ ಮಗ ಮೊಪೆಡ್ ಹತ್ತುತ್ತಾನೆ. ಹಿಂದೆ ಮುಂದೆ ನಾಲ್ಕು ಕ್ಯಾನು, ಒಂದೊಂದು 20 ಲೀಟರ್. ಎರಡು ಕಿಲೋಮೀಟರ್ ದೂರದ ನೆಂಟರ ತೋಟದಲ್ಲಿ ಡ್ರಿಪ್ಪಿಗೆ ಹಾಯಿಸುವಾಗ ಹಿಡಿದುಕೊಂಡು ಬರುತ್ತಾನೆ. ಅಲ್ಲೂ ಕರೆಂಟ್ ಇದ್ದಾಗಲೇ ಹೋಗಬೇಕು, ರಾತ್ರಿ ಪಾಳಿಯಾದರೆ ಹನ್ನೆರಡು ಗಂಟೆಗೆ. ಆ 80 ಲೀಟರ್ ಹಸುವಿನ ಬಾನಿಗೆ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಸೇರಿದ ಕಲಗಚ್ಚು ಕೂಡ ಅಲ್ಲಿಗೇ. ಪಾತ್ರೆಯನ್ನು ಮೊದಲು ಬೂದಿ ಹಾಕಿ ಒಣಗಲಿಗೇ ತಿಕ್ಕಿ, ಆಮೇಲೆ ಒಂದೇ ಒಂದು ಸಲ ನೀರಿನಲ್ಲಿ ಅದ್ದುತ್ತಾರೆ. ಸ್ನಾನ ಮಕ್ಕಳಿಗೆ ದಿನ ಬಿಟ್ಟು ದಿನ, ದೊಡ್ಡವರದ್ದು ಕೇಳಬಾರದು.

ಇನ್ನು ಕುಡಿಯುವ ನೀರು. ಟ್ಯಾಂಕರ್ ನೀರು ತಿಳಿಯಾಗಿ ಕಂಡರೂ ಅದು ಬಂದ ದಾರಿಯಲ್ಲಿ ಕೊಳೆ ಸೇರಲು ಅವಕಾಶ ಬಹಳ. ಅದೇ ಟ್ಯಾಂಕರ್ ನಿನ್ನೆ ಮನೆ ಕಟ್ಟುವ ಕೆಲಸಕ್ಕೆ ಹೋಗಿರಬಹುದು, ಪೈಪಿನ ತುದಿ ಮಣ್ಣಿನಲ್ಲಿ ಬಿದ್ದಿರಬಹುದು. ಬ್ಲೀಚಿಂಗ್ ಪೌಡರ್ ಹಾಕುವುದು ಅದಕ್ಕೇ. ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ ಸುಮಾರು ಎರಡೂವರೆ ಗ್ರಾಂ, ಈ ಟ್ಯಾಂಕರಿಗೆ ಹನ್ನೆರಡು ಹದಿಮೂರು ಗ್ರಾಂ ಸಾಕು. ಆದರೆ ಪುಡಿ ಬೆರೆತ ಮೇಲೆ ಅರ್ಧ ಗಂಟೆಯಾದರೂ ಬಿಡಬೇಕು. ಊರಿಗೆ ಬಂದ ಮೇಲೆ ಹಾಕಿ, “ಅರ್ಧ ಗಂಟೆ ಕಾಯ್ರಮ್ಮಾ” ಎಂದರೆ ಯಾರು ಕೇಳುತ್ತಾರೆ? ತಿಳಿದ ನೀರುಗಂಟಿ ಬೋರಿನ ಹತ್ತಿರವೇ ಒಂದು ಬಕೆಟ್ಟಿನಲ್ಲಿ ಪುಡಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಅರ್ಧ ತುಂಬಿದ ಟ್ಯಾಂಕರಿಗೆ ಸುರಿಯುತ್ತಾನೆ. ಉಳಿದರ್ಧ ತುಂಬುವಾಗ, ಮತ್ತೆ ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕುವಾಗ ಅದು ಚೆನ್ನಾಗಿ ಬೆರೆತು ಊರು ಮುಟ್ಟುವಷ್ಟರಲ್ಲಿ ಕೆಲಸ ಮುಗಿಸಿರುತ್ತದೆ. ಬಿಂದಿಗೆಯ ಬಾಯಿಗೆ ಮೂಗು ಹಿಡಿದರೆ ತೆಳ್ಳಗೆ ಬ್ಲೀಚಿಂಗ್ ವಾಸನೆ ಬರಬೇಕು. ಏನೂ ಬರದಿದ್ದರೆ ಒಂದೋ ಹಾಕಿಲ್ಲ, ಇಲ್ಲವೇ ಬಾಯಿ ತೆರೆದಿಟ್ಟ ಚೀಲದ ಪುಡಿ ಸತ್ವ ಕಳೆದುಕೊಂಡಿದೆ. ಆಗ ಕುದಿಸಿ ಕುಡಿಯುವುದೇ ಸರಿ.

ಕುದಿಸಿದರೂ ಹೋಗದ್ದು ಫ್ಲೋರೈಡ್. ಈ ಭಾಗದ ಆಳದ ಬೋರುಗಳಲ್ಲಿ ಅದು ಸಾಮಾನ್ಯ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ, ಇನ್ನೂ ಹೆಚ್ಚಾದರೆ ಮೂಳೆಗೆ ಇಳಿಯುತ್ತದೆ. ಕುದಿಸಿದಾಗ ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡಿನ ಪ್ರಮಾಣ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಅದಕ್ಕೆ ಊರಿನ ಶುದ್ಧ ನೀರಿನ ಘಟಕವೇ ಗತಿ. ಆ ಘಟಕಕ್ಕೂ ಬೋರಿನ ನೀರೇ ಬೇಕು, ಅದರಲ್ಲೂ ಒಂದು ಪಾಲನ್ನು ಶೋಧಿಸುವಾಗ ಹೊರಗೆ ಬಿಡುತ್ತದೆ. ಊರಿನ ಬೋರು ನಿಂತ ದಿನವೇ ಘಟಕಕ್ಕೂ ಬೀಗ. ಮಕ್ಕಳು ಈಗ ಕ್ಯಾನು ಹಿಡಿದು ಪಕ್ಕದೂರಿಗೆ ಹೋಗುತ್ತಾರೆ.

ಗುರುವಾರ ಟ್ಯಾಂಕರ್ ಬರಲಿಲ್ಲ. ಶುಕ್ರವಾರವೂ ಇಲ್ಲ. ಅದೇ ದಿನ ಲೋಕಸಭೆಯ ಮತದಾನ. ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದ ಅತ್ತೆ ಚುನಾವಣೆಯ ಗಲಾಟೆಯಲ್ಲಿ ಮರೆತರೇನೋ ಅಂದುಕೊಂಡರು. ನಿಜ ಸಂಗತಿ ಬೇರೆ. ಬೋರು ನಡುನಡುವೆ ನೀರು ಬಿಟ್ಟು ಗಾಳಿ ಉಗುಳಲು ಶುರುಮಾಡಿತ್ತು. ಪೈಪಿನಿಂದ ನೀರು ತುಂಡು ತುಂಡಾಗಿ, ಬುಸುಗುಟ್ಟುತ್ತ ಬಂದರೆ ಒಳಗಿನ ಮಟ್ಟ ಮೋಟರಿನವರೆಗೆ ಇಳಿದಿದೆ ಎಂದೇ ಅರ್ಥ. ಆಗ ಅರ್ಧ ಗಂಟೆ ನಿಲ್ಲಿಸಿ, ಬಿರುಕುಗಳಿಂದ ನೀರು ಊರಲು ಬಿಟ್ಟು ಮತ್ತೆ ಹಾಕಬೇಕು. ಎರಡು ಊರಿನ ಜನ ಕಾಯುತ್ತಿರುವಾಗ ಯಾರು ನಿಲ್ಲಿಸುತ್ತಾರೆ? ಮೋಟರಿನ ಕಾಯಿಲ್ ಸುಟ್ಟಿತು. 1,200 ಅಡಿಯಿಂದ ಅದನ್ನು ಮೇಲೆತ್ತಲು 20 ಅಡಿಯ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಬಿಚ್ಚಬೇಕು, ಅರವತ್ತು ಪೈಪು. ಎತ್ತುವ ಗಾಡಿ ಸಿಗಲು ಒಂದು ದಿನ, ಕಾಯಿಲ್ ಸುತ್ತಿಸಿ ಇಳಿಸಲು ಇನ್ನೊಂದು ದಿನ.

ಆ ಎರಡು ದಿನ ಮೂರು ಮನೆಯವರು ಸೇರಿ ದುಡ್ಡು ಹಾಕಿ ಖಾಸಗಿ ಟ್ಯಾಂಕರ್ ತರಿಸಿದರು. ನಮ್ಮ ಮನೆಯ ಪಾಲು ಕೊಟ್ಟದ್ದು ಹಾಲಿನ ಬಟವಾಡೆಯಿಂದ. ಹಸುವಿಗೆ ನೀರು ಕೊಳ್ಳಲು ಹಸುವಿನದೇ ದುಡ್ಡು.

ಮೇ ತಿಂಗಳಲ್ಲಿ ಗಾಳಿ ಗುಡುಗಿನ ಮಳೆ ಬೀಳುತ್ತದೆ. ಹೊಲ ಹಸಿಯಾಗುತ್ತದೆ, ರಸ್ತೆಯಲ್ಲಿ ನೀರು ನಿಲ್ಲುತ್ತದೆ, ಟ್ಯಾಂಕರ್ ಇನ್ನೇಕೆ ಎನ್ನುವ ಮಾತು ಕಚೇರಿಯಿಂದ ಬರುತ್ತದೆ. ಆದರೆ ಈ ಬಂಡೆಗಲ್ಲಿನ ನೆಲದಲ್ಲಿ ಸಾವಿರ ಅಡಿಯ ಬಿರುಕಿಗೆ ಒಂದೆರಡು ಮಳೆ ಇಳಿಯುವುದಿಲ್ಲ. ಕೆರೆ ತುಂಬಿ ತಿಂಗಳುಗಟ್ಟಲೆ ನಿಂತರೆ ಸುತ್ತಲಿನ ಬೋರಿಗೆ ಜೀವ ಬರುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಹರಿದು ಬರುವ ಕೆರೆಗಳ ಆಸುಪಾಸಿನಲ್ಲಿ ಬೋರಿನ ಮಟ್ಟ ಏರಿದ್ದು ಹೀಗೆಯೇ. ಈ ಊರಿನ ಕೆರೆ ಆ ಸಾಲಿನಲ್ಲಿಲ್ಲ.

“ಮಳೆ ಬಂತಲ್ಲ, ಇನ್ನು ಟ್ಯಾಂಕರ್ ನಿಲ್ಲಿಸ್ತೀವಿ ಅಂತಾವ್ರೆ,” ಅಂದ ನೀರುಗಂಟಿ.

“ಬೋರು ಎಷ್ಟು ಇಂಚು ಬಂದದೆ ಕೇಳಪ್ಪ ಮೊದಲು,” ಅಂದರು ಅತ್ತೆ.

ಅವನು ಅಳೆದು ಬಂದಿದ್ದ. ಒಂದೂಕಾಲು.