ಹೊಸ ಉದ್ದಿಮೆಯ ಒಂದು ಪುಟ: ನಂಬಿಕೆ ಏನು, ಸತ್ಯ ಏನು?

ಹೊಸಪೇಟೆ ಮತ್ತು ಹಂಪಿಯ ನಡುವಿನ ಮಲಪನಗುಡಿಯಲ್ಲಿ ಒಬ್ಬ ಯುವತಿ ಬಾಳೆನಾರಿನ ಚೀಲ ಮಾಡುವ ಉದ್ದಿಮೆ ಶುರುಮಾಡಿದ್ದಾಳೆ ಎಂದುಕೊಳ್ಳೋಣ. ಕಸುಬು ಈ ಸೀಮೆಗೆ ಹೊಸದಲ್ಲ. ಹೊಳೆಯಾಚೆಯ ಆನೆಗೊಂದಿಯಲ್ಲಿ 1997ರಲ್ಲಿ ಹುಟ್ಟಿದ ಕಿಷ್ಕಿಂಧಾ ಟ್ರಸ್ಟ್ ಹೆಣ್ಣುಮಕ್ಕಳಿಗೆ ಬಾಳೆನಾರಿನ ಕೆಲಸ ಕಲಿಸಿದೆ. ಈಗ ಈಕೆ ಪಾಲುದಾರರಿಗೆ ಕೊಡಲು ಒಂದು ಪುಟದ ಸಾರಾಂಶ ಬರೆಯಬೇಕು. ಇಲ್ಲಿ ಕೊಟ್ಟ ಲೆಕ್ಕ ಉದಾಹರಣೆಗಾಗಿ ಮಾತ್ರ.

ತಪ್ಪು ಕಲ್ಪನೆ: ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಮೊದಲು ಹೇಳಬೇಕು.

ಸತ್ಯ: ಮೊದಲ ಸಾಲಿನಲ್ಲಿ ಬೇಕಾದದ್ದು ಯಾರು, ಏನನ್ನು, ಎಷ್ಟು ಕೊಟ್ಟು ಕೊಳ್ಳುತ್ತಾರೆ ಎಂಬುದು. “ಗೊನೆ ಕಡಿದ ಮೇಲೆ ಹೊಲದಲ್ಲಿ ಉಳಿಯುವ ಬಾಳೆಪಟ್ಟೆಯಿಂದ ಚೀಲ ಮಾಡಿ, ಹಂಪಿ ಸುತ್ತಲಿನ ರೆಸಾರ್ಟ್‌ಗಳಿಗೆ ತಲಾ 350 ರೂಪಾಯಿಗೆ ಮಾರುತ್ತೇವೆ.” ಇಷ್ಟರಲ್ಲೇ ಉದ್ದಿಮೆ ಕಣ್ಣಿಗೆ ಕಟ್ಟುತ್ತದೆ.

ತಪ್ಪು ಕಲ್ಪನೆ: ಒಟ್ಟು ಮಾರಾಟವೇ ಪ್ರಗತಿ.

ಸತ್ಯ: ಆರು ತಿಂಗಳಲ್ಲಿ 400 ಚೀಲ ಹೋಗಿವೆ. ಬಿಡಿಸಿ ನೋಡಿದರೆ 240 ಮೇಳಗಳಲ್ಲಿ, 130 ಎರಡು ರೆಸಾರ್ಟ್‌ಗಳ ಮೊದಲ ಆರ್ಡರ್‌ಗೆ, 30 ಅವೆರಡರಲ್ಲಿ ಒಂದು ಮತ್ತೆ ಕೇಳಿದ್ದಕ್ಕೆ. ಮೇಳದಲ್ಲಿ ಕೊಂಡವರು ಮತ್ತೆ ಸಿಗುವುದಿಲ್ಲ. ಮರಳಿ ಬಂದ ಆ 30 ಚೀಲವೇ ಈ ಪುಟದ ಗಟ್ಟಿ ಸಾಕ್ಷಿ. ಮೂರನ್ನೂ ಬೇರೆಬೇರೆಯಾಗಿ ಬರೆಯಬೇಕು. ಕೂಡಿಸಿ ಬರೆದರೆ, ಮತ್ತೆ ಕೊಂಡವರು ಎಷ್ಟು ಎಂದೇ ಅನುಭವಸ್ಥರು ಮೊದಲು ಕೇಳುತ್ತಾರೆ.

ತಪ್ಪು ಕಲ್ಪನೆ: ಪಾಲುದಾರ ಎಂದರೆ ಷೇರು ಪಡೆದು ಬಂಡವಾಳ ಹಾಕುವವನು.

ಸತ್ಯ: ಕೊರತೆ ಎಲ್ಲಿದೆಯೋ ಅದನ್ನು ತುಂಬುವವರೇ ಪಾಲುದಾರರು. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೋಲಾರ್ ಕಂಪನಿ ಸೆಲ್ಕೊಗೆ ಹಳ್ಳಿಯ ಗಿರಾಕಿ ದೀಪಕ್ಕೆ ಒಮ್ಮೆಲೇ ಹಣ ಕೊಡಲಾರದ್ದೇ ತೊಡಕಾಗಿತ್ತು. ಕಂತಿನ ಸಾಲ ಕೊಡುವ ಗ್ರಾಮೀಣ ಬ್ಯಾಂಕುಗಳು ಅದರ ಮುಖ್ಯ ಪಾಲುದಾರರಾದವು.

ನಮ್ಮ ಚೀಲದ ಲೆಕ್ಕ ನೋಡಿ. ಪಟ್ಟೆಗೆ 60, ಕೂಲಿಗೆ 150, ಅಸ್ತರಿಗೆ 30, ಸಾಗಾಟಕ್ಕೆ 20 ರೂಪಾಯಿ, ಒಟ್ಟು 260. ಉಳಿಯುವುದು 90. ರೆಸಾರ್ಟ್ ಹಣ ಕೊಡುವುದು 45 ದಿನಕ್ಕೆ. ತಿಂಗಳಿಗೆ 200 ಚೀಲದ ಆರ್ಡರ್ ಬಂದರೆ ಖರ್ಚು 52,000 ರೂಪಾಯಿ. ಒಂದೂವರೆ ತಿಂಗಳು ತಡೆಯಲು 78,000 ಬೇಕು. ಇದಕ್ಕಾಗಿ ಷೇರು ಬಿಟ್ಟುಕೊಡಬೇಕಿಲ್ಲ, ದುಡಿಯುವ ಬಂಡವಾಳದ ಸಾಲ ಸಾಕು.

ತಪ್ಪು ಕಲ್ಪನೆ: ಕೊರತೆ ಹೇಳಿದರೆ ಯಾರೂ ಜೊತೆಗೆ ಬರುವುದಿಲ್ಲ.

ಸತ್ಯ: ಮಳೆಗಾಲದಲ್ಲಿ ಪಟ್ಟೆ ಒಣಗದೆ ಬೂಷ್ಟು ಹಿಡಿಯುತ್ತದೆ, ಒಣಗಿಸುವ ಶೆಡ್ ಇಲ್ಲದಿದ್ದರೆ ಆರ್ಡರ್ ತಪ್ಪುತ್ತದೆ. ಅದನ್ನು ಬರೆದು, ಕೆಳಗೆ ಬೇಡಿಕೆಯನ್ನೂ ಸ್ಪಷ್ಟವಾಗಿ ಬರೆಯಬೇಕು: ಶೆಡ್‌ಗೆ ಜಾಗ ಕೊಡುವ ರೈತರ ಸಂಘ, 78,000 ರೂಪಾಯಿ ಸಾಲ ಕೊಡುವ ಬ್ಯಾಂಕು, ವರ್ಷದ ಆರ್ಡರ್ ಬರೆದುಕೊಡುವ ಇನ್ನೊಂದು ರೆಸಾರ್ಟ್.

ನಿಮ್ಮ ಪುಟ ಬರೆದಾದ ಮೇಲೆ ಊರಿನ ಒಬ್ಬ ಅಂಗಡಿಯವರಿಗೆ ಓದಲು ಕೊಡಿ. ನಿಮಗೆ ಯಾರಿಂದ ಏನು ಬೇಕೆಂದು ಅವರು ಹೇಳಲಾಗದಿದ್ದರೆ, ಮತ್ತೆ ಬರೆಯಿರಿ.