ಹಾಯುನೋಟವೋ, ದಾಖಲೆಯೋ? ಫೋನಿನ ಕ್ಯಾಮರಾ ಸಹಾಯಕ ಮತ್ತು ಚಿತ್ರ ಓದುವ ಚಾಟ್ ಸಾಧನ

ಗ್ರಾಹಕನೊಬ್ಬ ಪಂಪ್‌ಸೆಟ್ಟಿನಿಂದ ಬಿಚ್ಚಿ ತಂದ ಹಳೆಯ ಬೇರಿಂಗನ್ನು ಅಂಗಡಿಯ ಮೇಜಿನ ಮೇಲೆ ಇಟ್ಟು, ಇದೇ ಅಳತೆಯದು ಬೇಕೆಂದು ಕೇಳುತ್ತಾನೆ. ಗ್ರೀಸು ಒರೆಸಿ ನೋಡಿದರೆ ಅಂಚಿನ ನಾಲ್ಕು ಅಂಕಿಗಳಲ್ಲಿ ಎರಡನೆಯದು ಸವೆದುಹೋಗಿದೆ. 6, ಅನಂತರ ಮಸುಕು, ಅನಂತರ 05 ಮಾತ್ರ ಕಾಣುತ್ತದೆ. ಹಿಂದೆ ಇಂತಹ ಸಂದರ್ಭದಲ್ಲಿ ವರ್ತಕನು ಅನುಭವಸ್ಥ ಗುಮಾಸ್ತನನ್ನು ಕರೆಯುತ್ತಿದ್ದನು. ಈಗ ಬಹುತೇಕರ ಕೈ ಮೊದಲು ಹೋಗುವುದು ಫೋನಿನ ಕಡೆಗೆ. ಅದೇ ಫೋನಿನಲ್ಲಿ ಎರಡು ದಾರಿಗಳಿವೆ. ಕ್ಯಾಮರಾ ತೆರೆದು ಧ್ವನಿ ಸಹಾಯಕನನ್ನು ಬಾಯಿಮಾತಿನಲ್ಲಿ ಕೇಳುವುದು ಒಂದು. ಚಿತ್ರ ತೆಗೆದು ಚಾಟ್ ಸಾಧನಕ್ಕೆ ಕಳುಹಿಸಿ ಬರವಣಿಗೆಯಲ್ಲಿ ಉತ್ತರ ಪಡೆಯುವುದು ಇನ್ನೊಂದು. ಇವೆರಡೂ ಒಂದೇ ಎಂದು ಭಾವಿಸುವವರೇ ಹೆಚ್ಚು. ವ್ಯಾಪಾರದ ದೃಷ್ಟಿಯಿಂದ ಇವುಗಳ ನಡುವಿನ ಅಂತರವನ್ನು ಅರಿಯುವುದು ಅಗತ್ಯ.

ಎರಡು ದಾರಿಗಳ ಹಿನ್ನೆಲೆ

ಫೋನಿನ ಸಹಾಯಕನಿಗೆ ಕಣ್ಣು ಬಂದದ್ದು 2017ರಲ್ಲಿ, ಗೂಗಲ್ ಸಂಸ್ಥೆಯ ಲೆನ್ಸ್ ಮತ್ತು ಸ್ಯಾಮ್‌ಸಂಗ್‌ನ ಬಿಕ್ಸ್‌ಬಿ ವಿಷನ್ ಬಂದ ವರ್ಷ. ಅವುಗಳ ಮುಖ್ಯ ಕೆಲಸ ಹೋಲಿಕೆ ಹುಡುಕುವುದಾಗಿತ್ತು. ಎದುರಿಗಿರುವ ವಸ್ತುವಿನಂತೆ ಕಾಣುವ ಚಿತ್ರಗಳನ್ನು ಅಂತರಜಾಲದಿಂದ ಹೆಕ್ಕಿ ತೋರಿಸುವುದು, ಅಕ್ಷರಗಳಿದ್ದರೆ ಓದುವುದು, ಬಾರ್‌ಕೋಡ್ ಗುರುತಿಸುವುದು ಇಷ್ಟೇ ಅವುಗಳ ವ್ಯಾಪ್ತಿ. ಚಾಟ್ ಸಾಧನಗಳದು ಬೇರೆ ಜಾಡು. ಚಾಟ್‌ಜಿಪಿಟಿಗೆ ಚಿತ್ರವನ್ನು ಕಳುಹಿಸುವ ಸೌಲಭ್ಯ 2023ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಇಲ್ಲಿ ನಡೆಯುವುದು ಕೇವಲ ಹೋಲಿಕೆಯಲ್ಲ. ಚಿತ್ರದಲ್ಲಿರುವುದನ್ನು ಭಾಷೆಯೊಡನೆ ಬೆಸೆದು, ಕೇಳಿದ ಪ್ರಶ್ನೆಗೆ ತಕ್ಕ ಉತ್ತರವನ್ನು ವಾಕ್ಯರೂಪದಲ್ಲಿ ರಚಿಸಲಾಗುತ್ತದೆ.

ಕಾಲಕ್ರಮದಲ್ಲಿ ಈ ಎರಡು ದಾರಿಗಳು ಹತ್ತಿರ ಬಂದಿವೆ. 2024ರ ಡಿಸೆಂಬರಿನಲ್ಲಿ ಚಾಟ್‌ಜಿಪಿಟಿಯ ಧ್ವನಿ ಸಂಭಾಷಣೆಗೆ ಕ್ಯಾಮರಾ ಸೇರಿತು. 2025ರಲ್ಲಿ ಗೂಗಲ್‌ನ ಜೆಮಿನಿ ಲೈವ್‌ನಲ್ಲಿಯೂ ಕ್ಯಾಮರಾ ತೋರಿಸುತ್ತಾ ಮಾತನಾಡುವ ವ್ಯವಸ್ಥೆ ಬಂದಿತು. ಹೀಗಾಗಿ ಇಂದು ಎರಡೂ ದಾರಿಗಳ ಹಿಂದೆ ಒಂದೇ ಮನೆತನದ ಯಂತ್ರಬುದ್ಧಿ ಇರಬಹುದು. ಆದರೂ ಫಲಿತಾಂಶ ಒಂದೇ ಆಗಿರುವುದಿಲ್ಲ. ಬುದ್ಧಿ ಒಂದೇ ಆಗಿದ್ದರೂ ಅದಕ್ಕೆ ತಲುಪುವ ಚಿತ್ರ ಮತ್ತು ಅದು ಕೊಡುವ ಉತ್ತರದ ರೂಪ ಬೇರೆಯಾಗಿರುವುದೇ ಇದಕ್ಕೆ ಕಾರಣ.

ಹಾಯುನೋಟದ ಸ್ವಭಾವ

ಧ್ವನಿ ಸಹಾಯಕನಿಗೆ ಕ್ಯಾಮರಾ ತೋರಿಸುವಾಗ ಅದು ಎಡೆಬಿಡದೆ ನೋಡುತ್ತಿದೆ ಎಂದು ಅನಿಸುತ್ತದೆ. ವಾಸ್ತವದಲ್ಲಿ ಅದು ನಡುನಡುವೆ ಬಿಡಿಚಿತ್ರಗಳನ್ನು ಮಾತ್ರ ಸ್ವೀಕರಿಸುತ್ತದೆ. ಜೆಮಿನಿಯ ಲೈವ್ ಸೇವೆಯನ್ನು ಬಳಸುವ ತಂತ್ರಜ್ಞರಿಗಾಗಿ ಗೂಗಲ್ ನೀಡಿರುವ ವಿವರಣೆಯಲ್ಲಿ ಸೆಕೆಂಡಿಗೆ ಒಂದು ಚಿತ್ರ ಎಂದಿದೆ. ಕೈ ಅಲುಗಿದ ಕ್ಷಣದ ಚಿತ್ರವೋ, ಬೆಳಕು ಪ್ರತಿಫಲಿಸಿದ ಕ್ಷಣದ ಚಿತ್ರವೋ ಅದಕ್ಕೆ ಸಿಕ್ಕರೆ, ಅದರ ಮೇಲೆಯೇ ಉತ್ತರ ಹೊರಡುತ್ತದೆ. ಯಾವ ಚಿತ್ರವನ್ನು ನೋಡಿ ಉತ್ತರ ಬಂದಿತೆಂದು ಬಳಕೆದಾರನಿಗೆ ತಿಳಿಯುವುದಿಲ್ಲ.

ಉತ್ತರವೂ ಕಿವಿಗಾಗಿ ಸಿದ್ಧವಾದದ್ದು. ಆದ್ದರಿಂದ ಅದು ಚಿಕ್ಕದಾಗಿರುತ್ತದೆ. ಹತ್ತು ಸಾಲಿನ ಪಟ್ಟಿಯನ್ನು ಬಾಯಿಯಲ್ಲಿ ಕೇಳಿ ಯಾರೂ ನೆನಪಿಟ್ಟುಕೊಳ್ಳಲಾರರು. ಅಂಗಡಿಯ ಗದ್ದಲದಲ್ಲಿ ಹೇಳಿದ ಸಂಖ್ಯೆಯನ್ನು ಸಹಾಯಕನು ತಪ್ಪಾಗಿ ಕೇಳಿಸಿಕೊಳ್ಳುವ ಸಂಭವವೂ ಇದೆ. ಇದರ ಬಲವಿರುವುದು ಬೇರೆಡೆ. ಎರಡು ಕೈಗೂ ಕೆಲಸವಿರುವಾಗ, ಯಂತ್ರದ ಮುಚ್ಚಳ ತೆರೆದು ಯಾವ ಸ್ಕ್ರೂ ಮೊದಲು ಬಿಚ್ಚಬೇಕೆಂದು ಕೇಳುವಾಗ, ಹೊರರಾಜ್ಯದ ಡಬ್ಬಿಯ ಮೇಲಿನ ಬರಹ ಏನೆಂದು ತಿಳಿಯಬೇಕಾದಾಗ ಇದು ಉಪಯುಕ್ತ. ಹಾಗೆಯೇ ಫೋನಿನೊಳಗಿನ ಕೆಲಸಗಳನ್ನು, ಅಂದರೆ ಕರೆ ಮಾಡುವುದು, ಜ್ಞಾಪನೆ ಇಡುವುದು ಮುಂತಾದವನ್ನು, ಸಹಾಯಕನೇ ಮಾಡಿ ಮುಗಿಸುತ್ತಾನೆ.

ಚಾಟ್ ಸಾಧನಕ್ಕೆ ಕಳುಹಿಸಿದ ಚಿತ್ರವಾದರೋ ಒಂದು ದಾಖಲೆ. ಅದನ್ನು ಕಳುಹಿಸುವ ಮೊದಲು ದೊಡ್ಡದು ಮಾಡಿ ನೋಡಬಹುದು, ಮಸುಕಾಗಿದ್ದರೆ ಮತ್ತೆ ತೆಗೆಯಬಹುದು. ಮೂರು ನಾಲ್ಕು ಚಿತ್ರಗಳನ್ನು ಒಟ್ಟಿಗೆ ಕೊಡಬಹುದು. ಉತ್ತರ ಪರದೆಯ ಮೇಲೆ ಉಳಿಯುವುದರಿಂದ ಚಿತ್ರವನ್ನೂ ಉತ್ತರವನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಲು ಸಾಧ್ಯ.

ಬೇರಿಂಗ್ ಪ್ರಕರಣ

ಈಗ ಆರಂಭದ ಬೇರಿಂಗಿಗೆ ಮರಳಬಹುದು. ಈ ಬಗೆಯ ಬೇರಿಂಗುಗಳಲ್ಲಿ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಬರುತ್ತದೆ; 04 ಮತ್ತು ಅದಕ್ಕಿಂತ ಮೇಲಿನ ಸಂಖ್ಯೆಗಳಿಗೆ ಈ ನಿಯಮ ಅನ್ವಯಿಸುತ್ತದೆ. 05 ಎಂದರೆ 25 ಮಿಲಿಮೀಟರ್. ಎರಡನೆಯ ಅಂಕಿ ತಿಳಿಸುವುದು ಬೇರಿಂಗಿನ ಸರಣಿಯನ್ನು. 6005ರ ಹೊರವ್ಯಾಸ 47, ಅಗಲ 12 ಮಿಲಿಮೀಟರ್. 6205ರದು 52 ಮತ್ತು 15. 6305ರದು 62 ಮತ್ತು 17. ಮೂರೂ ಒಂದೇ ಶಾಫ್ಟಿಗೆ ಕೂರುತ್ತವೆ. ಆದರೆ 52ರ ಮನೆಯಲ್ಲಿ 47ರದು ಸಡಿಲವಾಗುತ್ತದೆ, 62ರದು ಒಳಹೋಗುವುದೇ ಇಲ್ಲ. ಅಂದರೆ ಸವೆದುಹೋದ ಆ ಒಂದು ಅಂಕಿಯಲ್ಲಿಯೇ ವ್ಯವಹಾರವೆಲ್ಲ ಅಡಗಿದೆ.

ಹೋಲಿಕೆ ಹುಡುಕುವ ಸಹಾಯಕನಿಗೆ ಇದನ್ನು ತೋರಿಸಿದರೆ ಮಾರಾಟಕ್ಕಿರುವ ಬೇರಿಂಗುಗಳ ಚಿತ್ರಗಳು ಸಾಲಾಗಿ ಬರುತ್ತವೆ. ಈ ಮೂರೂ ಮೇಲ್ನೋಟಕ್ಕೆ ಒಂದೇ ರೀತಿ ಇರುವುದರಿಂದ ಆ ಸಾಲಿನಿಂದ ಅಳತೆ ನಿರ್ಣಯವಾಗದು. ಲೈವ್ ಸಂಭಾಷಣೆಯಲ್ಲಿ ಕೇಳಿದರೆ 6205 ಎಂಬ ಉತ್ತರ ಸರಾಗವಾಗಿ ಬರಬಹುದು. ಆ ಅಂಕಿಯನ್ನು ಕಂಡು ಹೇಳಿದ್ದೋ, ಹೆಚ್ಚು ಬಳಕೆಯಲ್ಲಿರುವ ಸಂಖ್ಯೆ ಎಂದು ತುಂಬಿದ್ದೋ ತಿಳಿಯದು. ಚಾಟ್ ಸಾಧನವೂ ಇದೇ ತಪ್ಪನ್ನು ಮಾಡಬಲ್ಲದು, ಅದೂ ಅಷ್ಟೇ ದೃಢವಾದ ಧಾಟಿಯಲ್ಲಿ. ಆದರೆ ಅಲ್ಲಿ ಪರೀಕ್ಷಿಸುವ ದಾರಿಯಿದೆ. ಓದಲಾಗದ ಅಂಕಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು, ಊಹಿಸಬಾರದು ಎಂದು ಮೊದಲೇ ಬರೆಯಬಹುದು. ಅಚ್ಚೊತ್ತಿದ ಅಂಕಿಗಳ ಮೇಲೆ ಸೀಮೆಸುಣ್ಣ ಉಜ್ಜಿ, ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ಇನ್ನೊಂದು ಚಿತ್ರ ತೆಗೆಯಬಹುದು. ಬೇರೆ ಬೇರೆ ಕೋನದ ಎರಡು ಚಿತ್ರಗಳನ್ನು ಹೊಸದಾಗಿ ಆರಂಭಿಸಿದ ಬೇರೆ ಬೇರೆ ಸಂಭಾಷಣೆಗಳಲ್ಲಿ ಕೊಟ್ಟು, ಎರಡು ಉತ್ತರಗಳು ಭಿನ್ನವಾದರೆ ಅದು ಊಹೆ ಎಂದೇ ತಿಳಿಯಬೇಕು.

ಚಿತ್ರಕ್ಕೆ ಅಳತೆ ಗೊತ್ತಿಲ್ಲ

ಅಂಕಿ ಓದಲಾಗದಿದ್ದರೆ ಪಕ್ಕದಲ್ಲಿ ಉಕ್ಕಿನ ಸ್ಕೇಲ್ ಇಟ್ಟು ಚಿತ್ರ ತೆಗೆದರಾಯಿತು ಎಂದು ಹಲವರು ಯೋಚಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸ್ಕೇಲ್ ಮೇಜಿನ ಮೇಲಿರುತ್ತದೆ. 6205 ಬೇರಿಂಗಿನ ಮೇಲ್ಮುಖ ಮೇಜಿಗಿಂತ 15 ಮಿಲಿಮೀಟರ್ ಮೇಲಿರುತ್ತದೆ. ಫೋನನ್ನು ಮೇಜಿನಿಂದ 150 ಮಿಲಿಮೀಟರ್ ಎತ್ತರದಲ್ಲಿ ಹಿಡಿದರೆ ಬೇರಿಂಗಿನ ಮುಖ ಕ್ಯಾಮರಾಕ್ಕೆ ಕೇವಲ 135 ಮಿಲಿಮೀಟರ್ ದೂರ. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ 52 ಮಿಲಿಮೀಟರಿನ ಹೊರವ್ಯಾಸ ಆ ಸ್ಕೇಲಿನ ಪ್ರಕಾರ ಸುಮಾರು 58 ಎಂದು ತೋರುತ್ತದೆ. 58 ಎಂಬುದು 52ಕ್ಕಿಂತ 62ಕ್ಕೇ ಹತ್ತಿರ. ಹೀಗೆ ಎಚ್ಚರಿಕೆಯಿಂದ ಸ್ಕೇಲ್ ಇಟ್ಟ ವರ್ತಕನೇ 6305 ತರಿಸಿ ನಷ್ಟಕ್ಕೆ ಒಳಗಾಗಬಹುದು. ಸ್ಕೇಲನ್ನು ಬೇರಿಂಗಿನ ಮುಖದ ಮೇಲೆಯೇ ಅಡ್ಡಲಾಗಿ ಇಡುವುದು, ಫೋನನ್ನು ಎತ್ತರದಲ್ಲಿ ನೇರವಾಗಿ ಹಿಡಿಯುವುದು ಇದಕ್ಕೆ ಪರಿಹಾರ. ವರ್ನಿಯರ್ ಕ್ಯಾಲಿಪರ್ ಕೈಗೆಟಕುವಂತಿದ್ದರೆ ಅದಕ್ಕಿಂತ ಉತ್ತಮ ಪರಿಹಾರ ಬೇರಿಲ್ಲ. ಒಳವ್ಯಾಸ, ಹೊರವ್ಯಾಸ, ಅಗಲ ಈ ಮೂರನ್ನೂ ಅಳೆದು ಬರೆದರೆ ಚಾಟ್ ಸಾಧನ ಸರಣಿಯನ್ನು ತಿಳಿಸಬಲ್ಲದು; ಅದನ್ನು ತಯಾರಕರ ಪಟ್ಟಿಯೊಡನೆ ತಾಳೆ ನೋಡುವುದು ಕ್ಷಣದ ಕೆಲಸ.

ಬಿಲ್ಲು ಮತ್ತು ಪಟ್ಟಿಗಳಲ್ಲಿ

ದಾಖಲೆಯ ದಾರಿಯ ಪ್ರಯೋಜನ ಬಿಲ್ಲುಗಳಲ್ಲಿ ಇನ್ನೂ ಸ್ಪಷ್ಟ. ಖರೀದಿ ಬಿಲ್ಲಿನ ಚಿತ್ರವನ್ನು ಕೊಟ್ಟು ಅದನ್ನು ಪಟ್ಟಿಯ ರೂಪಕ್ಕೆ ತರಿಸಿಕೊಂಡರೆ ತಪ್ಪನ್ನು ಹಿಡಿಯಲು ಬಿಲ್ಲಿನ ಲೆಕ್ಕವೇ ನೆರವಾಗುತ್ತದೆ. ಶೇಕಡ 18ರ ತೆರಿಗೆಯ ಸರಕು 12 ನಗ, ದರ 185 ರೂಪಾಯಿ ಎಂದಿದ್ದರೆ ಮೊತ್ತ 2,220. ಕೇಂದ್ರ ಮತ್ತು ರಾಜ್ಯ ತೆರಿಗೆ ತಲಾ 199.80, ಒಟ್ಟು 2,619.60 ರೂಪಾಯಿ. ಸಾಧನವು 185ನ್ನು 135 ಎಂದು ಓದಿದರೆ ಮೊತ್ತ 1,620 ಆಗಿ, ಬಿಲ್ಲಿನ ಕೆಳಗಿರುವ ಒಟ್ಟಿಗೆ ಹೊಂದುವುದಿಲ್ಲ. ಆದ್ದರಿಂದ ಓದಿದ ಅಂಕಿಗಳನ್ನು ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ಕೂಡಿ ನೋಡುವುದನ್ನು ಬಿಡಬಾರದು.

ಜಿಎಸ್‌ಟಿ ನೋಂದಣಿ ಸಂಖ್ಯೆಗೂ ಇಂತಹುದೇ ಒರೆಗಲ್ಲಿದೆ. ಅದರ 15 ಸ್ಥಾನಗಳಲ್ಲಿ ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಅನಂತರದ ಹತ್ತು ಪ್ಯಾನ್ ಸಂಖ್ಯೆ: ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಆ ನಾಲ್ಕು ಅಂಕಿಗಳ ಜಾಗದಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರವೋ, ಎಂಟರ ಬದಲು ಬಿ ಅಕ್ಷರವೋ ಬಂದಿದ್ದರೆ ಓದಿದ್ದು ತಪ್ಪೆಂದು ತಕ್ಷಣ ಗೊತ್ತಾಗುತ್ತದೆ. ಅಂತಿಮ ಖಾತ್ರಿಗಾಗಿ ಜಿಎಸ್‌ಟಿ ಜಾಲತಾಣದಲ್ಲಿ ಸಂಖ್ಯೆಯನ್ನು ಹಾಕಿ ನೋಡಬೇಕು. ಬಾಯಿಮಾತಿನ ಉತ್ತರದಲ್ಲಿ ಇಂತಹ ಒಂದೊಂದೇ ಸ್ಥಾನದ ಪರಿಶೀಲನೆ ಬಹು ಕಷ್ಟ.

ಗುಟ್ಟಿನ ವಿಷಯ

ದಾಖಲೆಗೆ ಉಳಿಯುವ ಗುಣವಿರುವಂತೆ ಅದರ ಅಪಾಯವೂ ಇದೆ. ಬಿಲ್ಲಿನಲ್ಲಿ ಸರಬರಾಜುದಾರನ ಹೆಸರು, ಖರೀದಿ ದರ, ಬ್ಯಾಂಕ್ ಖಾತೆ ಎಲ್ಲವೂ ಇರುತ್ತವೆ. ಕಳುಹಿಸಿದ ಚಿತ್ರ ಸಂಭಾಷಣೆಯ ಇತಿಹಾಸದಲ್ಲಿ ಉಳಿಯುತ್ತದೆ. ಸಾಮಾನ್ಯ ಖಾತೆಗಳಲ್ಲಿ, ಸೆಟ್ಟಿಂಗ್ ಬದಲಿಸದಿದ್ದರೆ, ಅದನ್ನು ಮುಂದಿನ ಮಾದರಿಗಳ ತರಬೇತಿಗೆ ಬಳಸುವುದೂ ಉಂಟು. ಬೇಡವಾದ ಭಾಗವನ್ನು ಕತ್ತರಿಸಿ ಕಳುಹಿಸುವುದು ಸುಲಭ. ಕ್ಯಾಮರಾ ಸಹಾಯಕನ ವಿಷಯದಲ್ಲಿ ಈ ಕತ್ತರಿಸುವ ಅವಕಾಶವೇ ಇಲ್ಲ. ಮೇಜಿನ ಮೇಲೆ ತೆರೆದಿಟ್ಟ ಖಾತೆ ಪುಸ್ತಕವಾಗಲಿ, ಎದುರು ನಿಂತ ಗ್ರಾಹಕನ ಮುಖವಾಗಲಿ ಅದರ ನೋಟಕ್ಕೆ ಬಿದ್ದೇ ಬೀಳುತ್ತದೆ. ಕ್ಯಾಮರಾ ತೆರೆಯುವ ಮುನ್ನ ಮೇಜನ್ನು ತೆರವು ಮಾಡುವುದು ಲೇಸು.

ಒಟ್ಟಿನಲ್ಲಿ, ಉತ್ತರ ತಪ್ಪಾದರೆ ಮತ್ತೆ ಕೇಳಿದರೆ ಸಾಕೆನಿಸುವ ಕೆಲಸಕ್ಕೆ ಧ್ವನಿ ಸಹಾಯಕ ತಕ್ಕುದು. ಉತ್ತರ ತಪ್ಪಾದರೆ ಸರಕು ಹಿಂದಿರುಗಿ ಬರುವ, ಲೆಕ್ಕ ತಿದ್ದಬೇಕಾಗುವ ಕೆಲಸಕ್ಕೆ ಚಿತ್ರ ತೆಗೆದು ಬರವಣಿಗೆಯಲ್ಲಿ ಕೇಳುವುದು ಸರಿ. ಬೇರಿಂಗಿನ ಗ್ರಾಹಕನಿಗೆ ಮಾತ್ರ ಕೊನೆಯ ಉತ್ತರ ಸಿಗುವುದು ಮೇಜಿನ ಖಾನೆಯೊಳಗಿನ ವರ್ನಿಯರಿನಿಂದ: 25, 52, 15.